ಜೀನ್ಸ್ ಕಾರ್ಖಾನೆಯ ಉದ್ಯೋಗ ಪುಟ: ನಾಲ್ಕು ತಪ್ಪು ಕಲ್ಪನೆಗಳು

ಆಂಧ್ರದ ರಾಯದುರ್ಗ ಬಳ್ಳಾರಿಯಂತೆಯೇ ಜೀನ್ಸ್ ಹೊಲಿಗೆಯ ಊರು. ಹೊಲಿಗೆ ಘಟಕದಲ್ಲಿ ಇಪ್ಪತ್ತು ಮೂವತ್ತು ಮಷಿನ್ ಇರುವತನಕ ನೇಮಕಾತಿ ಬಾಯಿಮಾತಿನಲ್ಲೇ ನಡೆದುಹೋಗುತ್ತದೆ. ಮಷಿನ್‌ಗಳ ಸಂಖ್ಯೆ ಅರವತ್ತರಿಂದ ನೂರಕ್ಕೆ ಏರಿ, ಒಂದೇ ಸಲಕ್ಕೆ ನಲವತ್ತು ಜನ ಬೇಕಾದಾಗ ಪರಿಚಯದವರು ಸಾಲುವುದಿಲ್ಲ. ಸುತ್ತಲಿನ ಮಂಡಲಗಳಿಂದ, ಗಡಿಯಾಚೆಯ ಮೊಳಕಾಲ್ಮೂರು, ಬಳ್ಳಾರಿ ಕಡೆಯಿಂದಲೂ ಜನ ಬರಬೇಕು. ವೆಬ್‌ಸೈಟಿನಲ್ಲಿ ಉದ್ಯೋಗ ಪುಟ, ಅರ್ಜಿ ನಮೂನೆ ಬೇಕಾಗುವುದು ಆಗ. ಅದನ್ನು ಯೋಜಿಸುವಾಗ ಮಾಲೀಕರಲ್ಲೂ ಪುಟ ಮಾಡಿಕೊಡುವವರಲ್ಲೂ ಕೆಲವು ತಪ್ಪು ಕಲ್ಪನೆಗಳು ಬೇರೂರಿರುತ್ತವೆ.

ಕಲ್ಪನೆ: "ಟೈಲರ್‌ಗಳು ಬೇಕಾಗಿದ್ದಾರೆ, ಆಕರ್ಷಕ ಸಂಬಳ" ಎಂದರೆ ಸಾಕು.

ಜೀನ್ಸ್ ಘಟಕದಲ್ಲಿ ಟೈಲರ್ ಎಂಬ ಒಂದೇ ಕೆಲಸ ಇಲ್ಲ. ಸಿಂಗಲ್ ನೀಡಲ್ ಹೊಲಿಯುವವರು, ಓವರ್‌ಲಾಕ್ ಹೊಡೆಯುವವರು, ಕಾಲಿನ ಉದ್ದದ ಹೊಲಿಗೆಗೆ ಫೀಡ್ ಆಫ್ ದಿ ಆರ್ಮ್ ಮಷಿನ್ ಓಡಿಸುವವರು, ಬೆಲ್ಟ್ ಕೂಡಿಸುವವರು, ಬಾರ್‌ಟ್ಯಾಕ್ ಮತ್ತು ಕಾಜಾ ಹಾಕುವವರು ಬೇರೆ ಬೇರೆ. ಸಿಂಗಲ್ ನೀಡಲ್‌ನಲ್ಲಿ ಕೈ ಪಳಗಿದವರಿಗೆ ಫೀಡ್ ಆಫ್ ದಿ ಆರ್ಮ್ ಕೂಡಲೇ ಒಗ್ಗುವುದಿಲ್ಲ. "ಟೈಲರ್" ಎಂದಷ್ಟೇ ಬರೆದರೆ ನಲವತ್ತು ಜಾಗಕ್ಕೆ ನೂರು ಅರ್ಜಿ ಬರಬಹುದು, ಆದರೆ ಬೆಲ್ಟ್ ಮಷಿನ್‌ಗೆ ಒಬ್ಬರೂ ಸಿಗದಿರಬಹುದು. ಆದ್ದರಿಂದ ಪ್ರತಿ ಮಷಿನ್‌ಗೂ ಒಂದು ಪ್ರತ್ಯೇಕ ಹುದ್ದೆ, ಅದರ ಎದುರಿಗೆ ಖಾಲಿ ಜಾಗ ಎಷ್ಟು ಎಂಬ ಲೆಕ್ಕ ಇರಬೇಕು.

ಸಂಬಳದ ವಿಷಯದಲ್ಲಿ ಮುಚ್ಚುಮರೆ ಇನ್ನೂ ದೊಡ್ಡ ತಪ್ಪು. ಪೀಸ್ ರೇಟಿನಲ್ಲಿ ದುಡಿಯುವವರು ಮೊದಲು ಕೇಳುವುದು ಪೀಸಿಗೆ ಎಷ್ಟು, ಬಟವಾಡೆ ವಾರಕ್ಕೋ ತಿಂಗಳಿಗೋ ಎಂದು. ಅದಕ್ಕಿಂತ ಮುಖ್ಯವಾಗಿ, ಮಾಲು ಬಾರದ ದಿನ ಕೈಗೆ ಏನಾದರೂ ಸಿಗುತ್ತದೆಯೇ ಎಂದು ಕೇಳುತ್ತಾರೆ. ಪಿ.ಎಫ್., ಇ.ಎಸ್.ಐ. ಇದೆಯೇ, ಪಾಳಿ ಎಷ್ಟು ಹೊತ್ತಿಗೆ ಬಿಡುತ್ತದೆ, ಊರಿಗೆ ಕೊನೆಯ ಬಸ್ ಸಿಗುತ್ತದೆಯೇ ಎಂಬುದು ಆಮೇಲಿನ ಪ್ರಶ್ನೆಗಳು. ಸಂಸ್ಥೆಯ ಇತಿಹಾಸ, ಧ್ಯೇಯವಾಕ್ಯ ಪುಟದ ಕೆಳಗೆ ಇದ್ದರೆ ಸಾಕು. ಮೊಬೈಲ್ ಪರದೆಯ ಮೊದಲ ನೋಟದಲ್ಲಿ ಈ ಉತ್ತರಗಳೇ ಕಾಣಬೇಕು.

ಕಲ್ಪನೆ: ಎಲ್ಲ ವಿವರ ಮೊದಲೇ ಕೇಳಿಬಿಟ್ಟರೆ ಆಮೇಲೆ ತೊಂದರೆಯಿಲ್ಲ.

ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಜಾತಿ, ಮದುವೆಯಾಗಿದೆಯೇ, ಮಕ್ಕಳೆಷ್ಟು ಎಂದು ಮೂವತ್ತು ಪ್ರಶ್ನೆ ಕೇಳುವ ನಮೂನೆಗಳಿವೆ. ಆಯ್ಕೆಗೆ ಇವುಗಳಿಂದ ಯಾವ ಉಪಯೋಗವೂ ಇಲ್ಲ. ಪಿ.ಎಫ್. ಘೋಷಣೆಗೆ, ಸಂಬಳ ಜಮೆಗೆ ಬೇಕಾದ ವಿವರಗಳನ್ನು ಕೆಲಸಕ್ಕೆ ಸೇರುವ ದಿನ ಪಡೆದರೆ ಸಾಕು. ಕೆಲಸ ಸಿಗದವರ ಆಧಾರ್ ಪ್ರತಿಗಳು ಸೂಪರ್‌ವೈಸರ್ ಫೋನಿನಲ್ಲಿ ಉಳಿಯುವುದು ಅವರಿಗೆ ಅಪಾಯ, ಕಾರ್ಖಾನೆಗೆ ಹೊಣೆ.

ಮೊದಲ ಹಂತಕ್ಕೆ ಕೆಲವೇ ಪ್ರಶ್ನೆ ಸಾಕು: ಹೆಸರು, ಮೊಬೈಲ್ ಮತ್ತು ಮಾತಾಡುವ ಭಾಷೆ, ಊರು, ಮಂಡಲ ಅಥವಾ ತಾಲ್ಲೂಕು, ರಾಜ್ಯ, ಗೊತ್ತಿರುವ ಮಷಿನ್, ಎಷ್ಟು ವರ್ಷದ ಅನುಭವ, ಯಾವಾಗಿನಿಂದ ಬರಬಲ್ಲರು. 18 ತುಂಬಿದೆಯೇ ಎಂಬುದಕ್ಕೆ ಒಂದು ಗುರುತು ಹಾಕಿಸಿಕೊಳ್ಳಬಹುದು, ದಾಖಲೆ ನೋಡುವುದು ಸೇರುವಾಗ. ಹೊಲಿಗೆಯ ಕೈಚಳಕವನ್ನು ಯಾವ ನಮೂನೆಯೂ ಅಳೆಯಲಾರದು. ಮಷಿನ್ ಮುಂದೆ ಕೂರಿಸಿ ಒಂದು ಜೇಬು, ಒಂದು ಕಾಲು ಹೊಲಿಸಿದರೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ರೆಸ್ಯೂಮೆ ಕಡ್ಡಾಯ ಎನ್ನುವುದೂ ಇದೇ ಬಗೆಯ ತಪ್ಪು. ಹೊಲಿಗೆಯವರ ಬಳಿ ಅದು ಇರುವುದು ಅಪರೂಪ. ಐಟಿಐ ಓದಿದ ಮಷಿನ್ ಮೆಕ್ಯಾನಿಕ್‌ನಂಥ ಹುದ್ದೆಗೆ ಪ್ರಮಾಣಪತ್ರ ಬೇಕೆಂದರೂ ಅದು ಫೋನಿನಲ್ಲಿ ತೆಗೆದ ಫೋಟೊ ಆಗಿರುತ್ತದೆ. ನಮೂನೆಯಲ್ಲಿ `accept=".pdf"` ಎಂದಿದ್ದರೆ ಅವರು ಅಲ್ಲೇ ನಿಂತುಬಿಡುತ್ತಾರೆ. `accept="image/*,.pdf"` ಎಂದಿದ್ದರೆ ಫೋಟೊವನ್ನೂ ಹಾಕಬಹುದು. ಫೋನಿನ ಫೋಟೊ ಸಾಮಾನ್ಯವಾಗಿ 3ರಿಂದ 5 ಎಂಬಿ ಇರುವುದರಿಂದ 1 ಎಂಬಿ ಮಿತಿ ಇಟ್ಟರೆ ಅದೂ ವ್ಯರ್ಥ.

ಕಲ್ಪನೆ: ಇಂಗ್ಲಿಷ್ ಇದ್ದರೆ ಸಾಕು, ಹೆಚ್ಚೆಂದರೆ ತೆಲುಗು.

ರಾಯದುರ್ಗದ ಹಳ್ಳಿಗಳಲ್ಲಿ, ಮಡಕಶಿರಾ ಕಡೆಯ ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ ಮಂಡಲಗಳಲ್ಲಿ ಕನ್ನಡ ಮನೆಮಾತಾಗಿರುವವರು ಬಹಳ. ಕನ್ನಡ ಮಾಧ್ಯಮದಲ್ಲಿ ಓದಿದವರೂ ಇದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ, ವಿವರ ಪಡೆಯಲು ಒಪ್ಪಿಗೆ ಕೇಳುವಾಗ ಅದನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಯಲ್ಲಾಗಲಿ ಓದುವ ಆಯ್ಕೆ ಇರಬೇಕು. ಕನ್ನಡ, ತೆಲುಗು ಎರಡೂ ಆ ಪಟ್ಟಿಯಲ್ಲಿವೆ. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಸಂಸ್ಥೆಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ.

ಆದರೆ ಪುಟವನ್ನು ಕನ್ನಡಕ್ಕೆ ತಂದ ಮಾತ್ರಕ್ಕೆ ಕೆಲಸ ಮುಗಿಯದು. ತೊಡಕು ನಮೂನೆಯ ಒಳಗೂ ಇರುತ್ತದೆ. ಈ ಕಡೆ ಬಹಳಷ್ಟು ಹೆಸರುಗಳಲ್ಲಿ ಇನಿಷಿಯಲ್ ಮುಂದಿರುತ್ತದೆ. "ಕೊನೆಯ ಹೆಸರು" ಎಂಬ ಕಡ್ಡಾಯ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯದೆ ಒಬ್ಬರು ತಂದೆಯ ಹೆಸರು, ಇನ್ನೊಬ್ಬರು ಊರಿನ ಹೆಸರು ತುಂಬುತ್ತಾರೆ. ಅದೇ ಹೆಸರು ಪಿ.ಎಫ್. ದಾಖಲೆಗೆ ಹೋದರೆ ಆಧಾರ್ ಜೊತೆ ತಾಳೆಯಾಗದೆ, ಹಣ ಬಿಡಿಸಿಕೊಳ್ಳುವಾಗ ಅಲೆದಾಟ. `pattern="[A-Za-z ]+"` ಎಂಬ ನಿರ್ಬಂಧವಿದ್ದರೆ ಕನ್ನಡ ಅಕ್ಷರವಿರಲಿ, ಇನಿಷಿಯಲ್ ನಂತರದ ಚುಕ್ಕೆಯನ್ನೂ ನಮೂನೆ ಒಪ್ಪದು. "ಆಧಾರ್‌ನಲ್ಲಿ ಇರುವಂತೆ ಪೂರ್ತಿ ಹೆಸರು" ಎಂಬ ಒಂದೇ ಜಾಗ, ನಿರ್ಬಂಧವಿಲ್ಲದೆ, ಇಟ್ಟರೆ ಎರಡೂ ತೊಡಕು ತಪ್ಪುತ್ತವೆ.

ವಿದ್ಯಾರ್ಹತೆ ಕೇಳಲೇಬೇಕಾದ ಹುದ್ದೆಗಳಿದ್ದರೆ, ಅದರ ಪಟ್ಟಿಯಲ್ಲಿ ಆಂಧ್ರದ ಎಸ್‌ಎಸ್‌ಸಿ, ಇಂಟರ್ ಮಾತ್ರವಲ್ಲ, ಕರ್ನಾಟಕದ ಎಸ್ಸೆಸ್ಸೆಲ್ಸಿ, ಪಿಯುಸಿಯೂ ಇರಬೇಕು. ಶೇಕಡಾ ಅಂಕ ಕಡ್ಡಾಯ ಮಾಡಬಾರದು: ಆಂಧ್ರದಲ್ಲಿ ಕೆಲವು ವರ್ಷ ಹತ್ತನೇ ತರಗತಿ ಫಲಿತಾಂಶ ಜಿಪಿಎಯಲ್ಲಿ ಬಂದಿದೆ, 2020ರಲ್ಲಿ ಕೋವಿಡ್ ಕಾರಣ ಪರೀಕ್ಷೆಯಿಲ್ಲದೆ ಎಲ್ಲರೂ ಉತ್ತೀರ್ಣರಾಗಿದ್ದಾರೆ. ಜಿಲ್ಲೆ ಕೇಳುವುದಾದರೆ ಅದರ ಹೆಸರಿನಲ್ಲೂ ಎಚ್ಚರ ಬೇಕು. 2022ರ ಏಪ್ರಿಲ್ 4ರಂದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಅದಕ್ಕೂ ಹಿಂದಿನ ಆಧಾರ್ ಕಾರ್ಡುಗಳಲ್ಲಿ ಮಡಕಶಿರದವರ ಜಿಲ್ಲೆಯೂ ಅನಂತಪುರವೇ. ಎರಡನ್ನೂ ಒಪ್ಪುವ ನಮೂನೆ ಬೇಕು.

ಕಲ್ಪನೆ: ಕನ್ನಡ ಮಾತಾಡುವವರು "ಸ್ಥಳೀಯರು" ಎಂಬ ಲೆಕ್ಕಕ್ಕೆ ಬರುವುದಿಲ್ಲ.

ಆಂಧ್ರಪ್ರದೇಶ 2019ರಲ್ಲಿ ಮಾಡಿದ ಕಾಯ್ದೆ ಕಾರ್ಖಾನೆಗಳಲ್ಲಿ ಶೇ. 75 ಉದ್ಯೋಗ ಸ್ಥಳೀಯರಿಗೆ ಎನ್ನುತ್ತದೆ. ಅದು ನೋಡುವುದು ನೆಲೆಯನ್ನು, ಮನೆಮಾತನ್ನಲ್ಲ. ಅಗಳಿಯ ಕನ್ನಡಿಗರು ಆಂಧ್ರದ ನಿವಾಸಿಗಳೇ; ಪಾವಗಡದಲ್ಲಿ ನೆಲೆಸಿದ ತೆಲುಗು ಮಾತಿನವರು ಕರ್ನಾಟಕದವರು. ಹಾಗಾಗಿ ನಮೂನೆಯಲ್ಲಿ "ಮಾತೃಭಾಷೆ" ಕೇಳಿ ಅದರಿಂದ ಸ್ಥಳೀಯತೆ ತೀರ್ಮಾನಿಸುವುದು ತಪ್ಪು ಲೆಕ್ಕಕ್ಕೆ ದಾರಿ. ಊರು, ಮಂಡಲ ಅಥವಾ ತಾಲ್ಲೂಕು, ರಾಜ್ಯ ಕೇಳಿದರೆ ಲೆಕ್ಕ ಸರಿಯಾಗಿ ಸಿಗುತ್ತದೆ. ಭಾಷೆಯ ಬಗ್ಗೆ ಕೇಳಬೇಕಾದದ್ದು ಒಂದೇ: ಫೋನ್ ಮಾಡಿದಾಗ ಕನ್ನಡವೋ ತೆಲುಗೋ.

ಆ ಫೋನ್ ಕರೆ ಯಾವ ದಿನದೊಳಗೆ ಬರುತ್ತದೆ ಎಂಬುದನ್ನು ಅರ್ಜಿ ತಲುಪಿದ ಕೂಡಲೇ ಕಾಣುವ ಸಂದೇಶದಲ್ಲೇ ಬರೆಯಬೇಕು, ಕೆಲಸಕ್ಕಾಗಿ ಯಾರಿಗೂ ಹಣ ಕೊಡಬೇಕಾಗಿಲ್ಲ ಎಂಬುದನ್ನೂ. ಜಾಗ ತುಂಬಿದ ಹುದ್ದೆಯನ್ನು ಅದೇ ದಿನ ಪುಟದಿಂದ ತೆಗೆಯಬೇಕು. ಇಲ್ಲವಾದರೆ ಎರಡು ಬಸ್ ಬದಲಿಸಿ ಗೇಟಿನವರೆಗೆ ಬಂದವರು ಹಿಂದಿರುಗಬೇಕಾಗುತ್ತದೆ. ಪುಟ ತೆರೆದವರು ಬಹಳ, ಅರ್ಜಿ ಕಳಿಸಿದವರು ಕೆಲವೇ ಜನ ಎಂದು ಕಂಡರೆ, ಕಾರ್ಖಾನೆಯ ಒಬ್ಬ ಹೊಲಿಗೆಯವರ ಕೈಗೆ ಅವರದೇ ಫೋನಿನಲ್ಲಿ ನಮೂನೆ ಕೊಟ್ಟು ತುಂಬಲು ಹೇಳಬೇಕು. ಅವರ ಬೆರಳು ತಡೆಯುವ ಜಾಗವೇ ತಿದ್ದಬೇಕಾದ ಜಾಗ.