ಟ್ಯಾಂಗಿ ಎಂದರೆ ಯಾವ ಹುಳಿ?

ಬೆಂಗಳೂರಿನ ದರ್ಶಿನಿಗಳ ಗೋಡೆಯ ಬೋರ್ಡಿನಲ್ಲಿ ಬಣ್ಣನೆಗೆ ಜಾಗವೇ ಇಲ್ಲ. ಇಡ್ಲಿ, ವಡೆ, ಖಾರಾಬಾತ್, ಪಕ್ಕದಲ್ಲಿ ದರ, ಅಷ್ಟೇ. ಅದೇ ಊರಿನ ದೊಡ್ಡ ಹೋಟೆಲಿನಲ್ಲಿ ಕೂತರೆ ಕೈಗೆ ಬರುವ ಇಂಗ್ಲಿಷ್ ಮೆನುವಿನಲ್ಲಿ ಸಾರು ‘ಟ್ಯಾಂಗಿ’ ಆಗುತ್ತದೆ, ಉಪ್ಪಿಟ್ಟು ‘ಸೇವರಿ’ ಆಗುತ್ತದೆ, ಚಟ್ನಿ ‘ಪೀಕಂಟ್’, ಕುರ್ಮ ‘ಮೆಲ್ಲೊ’. ಇವೆಲ್ಲ ರುಚಿಯಾಗಿದೆ ಎನ್ನುವುದನ್ನೇ ಹೇಳುವ ಬಗೆಬಗೆಯ ಶಬ್ದಗಳು ಎಂದುಕೊಂಡು ನಾವು ಪುಟ ತಿರುಗಿಸುತ್ತೇವೆ. ನಿಜವಾಗಿ ಒಂದೊಂದೂ ಬೇರೆ ಬೇರೆ ಮಾತು ಹೇಳುತ್ತದೆ. ಬರೆದವರಿಗೆ ಅದು ಗೊತ್ತಿದ್ದರೆ ಮೆನು ಓದಿಯೇ ತಟ್ಟೆಯಲ್ಲಿ ಏನು ಬರಲಿದೆ ಎಂದು ಊಹಿಸಬಹುದು.

ಮೊದಲು, ಏನನ್ನೂ ಹೇಳದ ಶಬ್ದಗಳ ವಿಚಾರ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಡ್ಯಾನ್ ಜುರಾಫ್‌ಸ್ಕಿ ಮತ್ತು ಅವರ ಸಂಗಡಿಗರು ಸುಮಾರು 6,500 ಮೆನುಗಳನ್ನು, ಅವುಗಳಲ್ಲಿದ್ದ ಸುಮಾರು 6,50,000 ತಿನಿಸುಗಳ ಬಣ್ಣನೆಗಳನ್ನು ಕಂಪ್ಯೂಟರಿಗೆ ಕೊಟ್ಟು, ಯಾವ ಶಬ್ದದ ಜೊತೆ ಎಂಥ ದರ ಬರುತ್ತದೆ ಎಂದು ಲೆಕ್ಕ ಹಾಕಿದರು. 2014ರಲ್ಲಿ ಬಂದ ಅವರ ಪುಸ್ತಕದಲ್ಲಿ ಇದರ ವಿವರ ಇದೆ. ‘ಡಿಲೀಷಿಯಸ್’, ‘ಟೇಸ್ಟಿ’ಯಂಥ ಹೊಗಳಿಕೆಯ ಶಬ್ದ ಒಂದೊಂದು ಸೇರಿದಂತೆ ಆ ತಿನಿಸಿನ ದರ ಸುಮಾರು ಶೇಕಡಾ 9ರಷ್ಟು ಕಡಿಮೆ ಇತ್ತು. ದುಬಾರಿ ಹೋಟೆಲುಗಳು ತಮ್ಮ ಊಟ ರುಚಿಯಾಗಿದೆ ಎಂದು ಹೇಳಿಕೊಳ್ಳುವುದೇ ಇಲ್ಲ. ಮಾಂಸ ಯಾವ ತೋಟದ್ದು, ಸೊಪ್ಪು ಯಾವ ಊರಿನದು ಎಂದಷ್ಟೇ ಬರೆಯುತ್ತವೆ.

ಹೊಗಳಿಕೆಯಿಂದ ದರ ಇಳಿಯಿತು ಎಂದು ಇದಕ್ಕೆ ಅರ್ಥ ಮಾಡಬಾರದು. ಎರಡೂ ಒಟ್ಟಿಗೆ ಕಾಣಿಸಿಕೊಂಡವು, ಅಷ್ಟೇ. ಜುರಾಫ್‌ಸ್ಕಿ ಕೊಡುವ ಕಾರಣ ಸರಳ: ಒಂದು ಮಾತನ್ನು ಬಾಯಿ ಬಿಟ್ಟು ಹೇಳಿದರೆ, ಹೇಳದೆ ಗತಿ ಇರಲಿಲ್ಲವೇನೋ ಎಂದು ಕೇಳಿದವರಿಗೆ ಅನ್ನಿಸುತ್ತದೆ. ‘ಇವತ್ತಿನ ಸಾಂಬಾರ್ ಹಳಸಿಲ್ಲ’ ಎಂದು ಮಾಣಿ ತಾನಾಗಿ ಹೇಳಿದರೆ ಯಾರು ಬಡಿಸಿಕೊಂಡಾರು?

ಇನ್ನು ಏನನ್ನಾದರೂ ಹೇಳುವ ಶಬ್ದಗಳು. ‘ಸೇವರಿ’ಗೆ ಬ್ರಿಟನ್ನಿನಲ್ಲಿ ಮುಖ್ಯವಾಗಿ ಇರುವ ಅರ್ಥ ‘ಸಿಹಿ ಅಲ್ಲದ್ದು’. ವಿಕ್ಟೋರಿಯಾ ರಾಣಿಯ ಕಾಲದ ಔತಣಗಳಲ್ಲಿ ಸಿಹಿಯೂ ಮುಗಿದ ಮೇಲೆ ಚೀಸ್ ಹಚ್ಚಿ ಸುಟ್ಟ ಬ್ರೆಡ್ಡಿನಂಥ ಉಪ್ಪುಪ್ಪಾದ ಒಂದು ಚಿಕ್ಕ ತಿನಿಸು ಬರುತ್ತಿತ್ತು. ಅದರ ಹೆಸರೇ ಸೇವರಿ. ಜಪಾನಿನ ರಸಾಯನವಿಜ್ಞಾನಿ ಕಿಕುನಾಯೆ ಇಕೆಡಾ 1908ರಲ್ಲಿ ಕೊಂಬು ಎಂಬ ಕಡಲ ಪಾಚಿಯ ಸಾರಿನಿಂದ ಗ್ಲುಟಾಮಿಕ್ ಆಮ್ಲವನ್ನು ಬೇರ್ಪಡಿಸಿ, ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಆಮೇಲೆ ಉಮಾಮಿಗೂ ಇಂಗ್ಲಿಷಿನಲ್ಲಿ ಸೇವರಿ ಎನ್ನತೊಡಗಿದರು. ಹಾಗಾಗಿ ಅಣಬೆ, ಮಾಗಿದ ಟೊಮೆಟೊ, ಹಳೆಯ ಚೀಸ್ ಇರುವ ಅಡುಗೆಯ ಪಕ್ಕ ಈ ಶಬ್ದ ಕಂಡರೆ ಬಾಯಲ್ಲಿ ಬಹಳ ಹೊತ್ತು ಉಳಿಯುವ ಗಾಢ ರುಚಿ ಎಂದು ತಿಳಿಯಬೇಕು. ಉಪ್ಪಿಟ್ಟಿನ ಪಕ್ಕ ಕಂಡರೆ, ರವೆಯದಾದರೂ ಇದು ಸಿಹಿ ಅಲ್ಲ, ಗಾಬರಿಯಾಗಬೇಡಿ ಎಂದು ವಿದೇಶಿ ಅತಿಥಿಗೆ ಕೊಟ್ಟ ಸೂಚನೆ. ನಮ್ಮ ಹೋಟೆಲುಗಳು ಈ ಕೆಲಸವನ್ನು ‘ಖಾರಾ’ಕ್ಕೆ ವಹಿಸಿವೆ. ಖಾರಾಬಾತ್ ನಾಲಿಗೆ ಸುಡುವುದಿಲ್ಲ, ಬೇಕರಿಯ ಖಾರಾ ಬಿಸ್ಕತ್ತೂ ಅಷ್ಟೆ. ಒಂದು ಕೇಸರಿಬಾತ್ ಅಲ್ಲ, ಇನ್ನೊಂದು ಸಿಹಿ ಬಿಸ್ಕತ್ತಲ್ಲ ಎಂಬುದೇ ಅಲ್ಲಿನ ಮುಖ್ಯ ಸಂದೇಶ.

‘ಟ್ಯಾಂಗಿ’ಯ ಹಿಂದೆ ಹುಳಿ ಇರಲೇಬೇಕು. ಬರಿಯ ಹುಳಿಯಲ್ಲ, ನಾಲಿಗೆಯನ್ನು ಎಚ್ಚರಿಸುವ ಚುರುಕು ಹುಳಿ. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್, ಮೊಸರಿನಲ್ಲಿ ಲ್ಯಾಕ್ಟಿಕ್, ವಿನೆಗರಿನಲ್ಲಿ ಅಸಿಟಿಕ್. ಬಾಯಲ್ಲಿ ಇವು ಒಂದೇ ಥರ ಇರುವುದಿಲ್ಲ. ಮೊಸರಿನ ಹುಳಿ ಮೆದು, ವಿನೆಗರಿನದು ಮೂಗಿಗೂ ಏರುತ್ತದೆ. ನಿಂಬೆಯ ಪರಿಮಳ ಕುದಿಸಿದರೆ ಹಾರಿಹೋಗುವುದರಿಂದ ನಿಂಬೆಹಣ್ಣಿನ ಸಾರಿಗೆ ರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡುತ್ತಾರೆ. ಹುಣಸೆಯದು ಇದರ ತಿರುವುಮುರುವು. ಹಸಿ ವಾಸನೆ ಹೋಗುವಷ್ಟು ಕುದಿಯದಿದ್ದರೆ ಸಾರು ಕೆಡುತ್ತದೆ. ಆದ್ದರಿಂದ ಹುಳಿ ಯಾವುದರದ್ದು ಎಂದು ಹೇಳದೆ ‘ಟ್ಯಾಂಗಿ’ ಎಂದಷ್ಟೇ ಬರೆಯುವುದು ಅರ್ಧ ಮಾತು.

ಹೆಚ್ಚು ಗೊಂದಲ ಇರುವುದು ‘ಪೀಕಂಟ್’ನಲ್ಲಿ. ಫ್ರೆಂಚಿನಲ್ಲಿ ಅದರ ಮೂಲಾರ್ಥ ಚುಚ್ಚುವುದು. ಫ್ರಾನ್ಸಿನ ‘ಸಾಸ್ ಪೀಕಾಂಟ್’ನಲ್ಲಿ ಚುಚ್ಚುವುದು ಮೆಣಸಿನಕಾಯಿಯಲ್ಲ. ಚಿಕ್ಕ ಈರುಳ್ಳಿ, ವೈಟ್ ವೈನ್, ವಿನೆಗರ್, ಕೊನೆಯಲ್ಲಿ ಹೆಚ್ಚಿ ಹಾಕುವ ಎಳೆ ಸೌತೆಯ ಉಪ್ಪಿನಕಾಯಿ ಸೇರಿ ಆ ಚುರುಕು ಹುಟ್ಟುತ್ತದೆ. ಅದೇ ಹೆಸರು ಅಮೆರಿಕದ ಲೂಸಿಯಾನಾಕ್ಕೆ ಹೋಗಿ ಟೊಮೆಟೊ ಮತ್ತು ಒಣಮೆಣಸಿನ ಪುಡಿಯ ಖಾರದ ಸಾರಾಯಿತು. ಅಲ್ಲಿ ಅದಕ್ಕೆ ಮೊಸಳೆ ಜಾತಿಯ ಆಲಿಗೇಟರ್ ಮಾಂಸವನ್ನೂ ಹಾಕುತ್ತಾರೆ. ಸ್ಪ್ಯಾನಿಷಿನ ‘ಪಿಕಾಂತೆ’ಗೂ ಮೆಣಸಿನ ಖಾರವೇ ಅರ್ಥ. ಹೀಗಾಗಿ ಪೀಕಂಟ್ ಎಂದು ಓದಿ ಒಬ್ಬರು ವಿನೆಗರ್ ನಿರೀಕ್ಷಿಸುತ್ತಾರೆ, ಇನ್ನೊಬ್ಬರು ನೀರಿನ ಲೋಟ ಹತ್ತಿರ ಎಳೆದುಕೊಳ್ಳುತ್ತಾರೆ.

ಇದೇ ಗೊಂದಲಕ್ಕೆ ಸಿಕ್ಕಿ ರೂಪ ಬದಲಿಸಿದ ಅಡುಗೆ ವಿಂಡಾಲೂ. ಪೋರ್ಚುಗೀಸರ ಮೂಲ ಅಡುಗೆ ವೈನ್ ಇಲ್ಲವೇ ವಿನೆಗರಿನಲ್ಲಿ ಬೆಳ್ಳುಳ್ಳಿ ಸೇರಿಸಿ ನೆನೆಸಿಟ್ಟ ಮಾಂಸ. ಹೆಸರಿನ ಕೊನೆಯ ತುಂಡು ಬೆಳ್ಳುಳ್ಳಿಯನ್ನು ಸೂಚಿಸುತ್ತದೆಯೇ ಹೊರತು ಆಲೂಗಡ್ಡೆಯನ್ನಲ್ಲ. ಗೋವಾದಲ್ಲಿ ಅದು ಕಳ್ಳಿನ ವಿನೆಗರ್, ಒಣಮೆಣಸು, ಮಸಾಲೆಯ ಅಡುಗೆಯಾಯಿತು. ಹುಳಿಯೂ ಖಾರವೂ ಒಂದನ್ನೊಂದು ಹಿಡಿದು ನಿಲ್ಲುವ ಆ ರುಚಿಗೆ ಪೀಕಂಟ್ ಸರಿಯಾಗಿ ಒಪ್ಪುತ್ತದೆ. ಬ್ರಿಟನ್ನಿನ ಕರಿ ಹೋಟೆಲುಗಳು ಅದನ್ನು ಖಾರದ ಅಳತೆಗೋಲು ಮಾಡಿಕೊಂಡವು. ಅಲ್ಲಿನ ಮೆನುವಿನಲ್ಲಿ ಕುರ್ಮ ಎಂದರೆ ಖಾರವಿಲ್ಲ, ಮದ್ರಾಸ್ ಎಂದರೆ ಖಾರ, ವಿಂಡಾಲೂ ಎಂದರೆ ವಿಪರೀತ ಖಾರ. ಹುಳಿ ಹಿಂದೆ ಸರಿಯಿತು, ಎಷ್ಟೋ ಕಡೆ ಆಲೂಗಡ್ಡೆ ಬಂದು ಸೇರಿತು.

ಅಂದಹಾಗೆ ಖಾರ ನಾಲಿಗೆಯ ರುಚಿಗಳ ಸಾಲಿಗೆ ಸೇರುವುದೇ ಇಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಬಿಸಿ ತಾಗಿದಾಗ ಉರಿಯ ಸುದ್ದಿ ಒಯ್ಯುವ ನರಗಳನ್ನೇ ಕೆಣಕುತ್ತದೆ. ಇದನ್ನು ಗ್ರಹಿಸುವ ಗ್ರಾಹಕವನ್ನು 1997ರಲ್ಲಿ ಪತ್ತೆ ಹಚ್ಚಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಬಂತು.

‘ಮೆಲ್ಲೊ’ವನ್ನು ಮೆನು ಬರೆಯುವವರು ‘ಮೈಲ್ಡ್’ ಎನ್ನುವ ಕಡೆಯೆಲ್ಲ ಬಳಸುತ್ತಾರೆ. ಅದು ತಪ್ಪು. ಮೈಲ್ಡ್ ಎಂದರೆ ಮೊದಲಿನಿಂದಲೂ ತೀಕ್ಷ್ಣತೆ ಇಲ್ಲದ್ದು. ಮೆಲ್ಲೊ ಎಂದರೆ ಇದ್ದ ತೀಕ್ಷ್ಣತೆ ಕಾಲದಿಂದಲೋ ಕಾವಿನಿಂದಲೋ ಕಳಿತು ಮೆತ್ತಗಾದದ್ದು. ಮೂಲತಃ ಅದು ಮಾಗಿದ ಹಣ್ಣಿಗೆ ಹೇಳುವ ಮಾತು. ಬೆಳ್ಳುಳ್ಳಿ ಒಳ್ಳೆಯ ಉದಾಹರಣೆ. ಹಸಿ ಎಸಳನ್ನು ಜಜ್ಜಿದಾಗ ಅದರೊಳಗಿನ ಒಂದು ಕಿಣ್ವ ಕೆಲಸ ಮಾಡಿ ಆಲಿಸಿನ್ ಎಂಬ ಘಾಟಿನ ವಸ್ತು ಹುಟ್ಟುತ್ತದೆ. ಇಡೀ ಗಡ್ಡೆಯನ್ನು ಸಿಪ್ಪೆಸಮೇತ ಸುಟ್ಟರೆ ಆ ಕಿಣ್ವ ಕಾವಿಗೆ ಸತ್ತುಹೋಗುತ್ತದೆ, ಘಾಟು ಹುಟ್ಟುವುದಿಲ್ಲ, ಎಸಳು ಬೆಣ್ಣೆಯಂತೆ ಹಿಸುಕಲು ಬರುತ್ತದೆ. ಸುಟ್ಟ ಬೆಳ್ಳುಳ್ಳಿಯ ಚಟ್ನಿಗೆ ಮೆಲ್ಲೊ ಎಂದರೆ ನಿಜ. ಸಪ್ಪೆ ಕೂಟಿಗೆ ಮೆಲ್ಲೊ ಎಂದರೆ ಉಪ್ಪು ಖಾರ ಸಾಲದ್ದನ್ನು ಮುಚ್ಚಿದಂತೆ.

ಇಂಥ ಶಬ್ದಗಳಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ? 2017ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡಿನದೇ ಇನ್ನೊಂದು ಅಧ್ಯಯನ ಆಗುತ್ತದೆ ಎನ್ನುತ್ತದೆ. ಬ್ರ್ಯಾಡ್ಲಿ ಟರ್ನ್‌ವಾಲ್ಡ್, ಆಲಿಯಾ ಕ್ರಮ್ ಮತ್ತು ಸಂಗಡಿಗರು ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಒಂದೇ ತರಕಾರಿಗೆ ದಿನಕ್ಕೊಂದು ಬಗೆಯ ಚೀಟಿ ಅಂಟಿಸಿದರು. ಒಂದು ದಿನ ಬರೀ ‘ಬೀಟ್‌ರೂಟ್’, ಇನ್ನೊಂದು ದಿನ ಆರೋಗ್ಯವನ್ನು ಎತ್ತಿ ಹೇಳುವ ಹೆಸರು, ಮತ್ತೊಂದು ದಿನ ಮೆಣಸಿನಕಾಯಿಯನ್ನೂ ಟ್ಯಾಂಗಿ ನಿಂಬೆಯನ್ನೂ ಮುಂದಿಟ್ಟ ರಸವತ್ತಾದ ಹೆಸರು. ಅಡುಗೆ ಬದಲಾಗಲಿಲ್ಲ. ರಸವತ್ತಾದ ಹೆಸರಿದ್ದ ದಿನ ತರಕಾರಿ ಬಡಿಸಿಕೊಂಡವರು, ಬರೀ ಹೆಸರಿದ್ದ ದಿನಕ್ಕಿಂತ ಶೇಕಡಾ 25ರಷ್ಟು ಹೆಚ್ಚು. ಸಕ್ಕರೆ ಕಡಿಮೆ, ಕೊಬ್ಬು ಕಡಿಮೆ ಎಂಬ ಧಾಟಿಯ ಚೀಟಿಗೆ ಹೋಲಿಸಿದರೆ ಶೇಕಡಾ 41ರಷ್ಟು ಹೆಚ್ಚು.

ನಮ್ಮದೇ ಒಂದು ಅಡುಗೆಯನ್ನು ಹಿಡಿದು ನೋಡಬಹುದು. ಅನಾನಸ್ ಗೊಜ್ಜು: ಎರಡು ಬಟ್ಟಲು ಹೋಳಿಗೆ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ನಿಂಬೆ ಗಾತ್ರದ ಬೆಲ್ಲ, ಹುರಿದ ಬ್ಯಾಡಗಿ ಮೆಣಸಿನಕಾಯಿ, ಎಳ್ಳು, ಕೊಬ್ಬರಿ, ಮೇಲೆ ಸಾಸಿವೆ ಕರಿಬೇವಿನ ಒಗ್ಗರಣೆ. ಇದನ್ನು ಇಂಗ್ಲಿಷಿನಲ್ಲಿ ‘ಟೇಸ್ಟಿ ಸ್ಪೈಸಿ ಪೈನಾಪಲ್ ಕರಿ’ ಎಂದು ಬರೆದರೆ ಮೂರು ತೊಂದರೆ. ಟೇಸ್ಟಿ ಖಾಲಿ ಮಾತು. ಸ್ಪೈಸಿ ಎಂದರೆ ಖಾರವೋ ಮಸಾಲೆಯೋ ಗೊತ್ತಾಗುವುದಿಲ್ಲ. ಬ್ಯಾಡಗಿ ಕೊಡುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣ. ಕರಿ ಎಂದರೆ ಬಟ್ಟಲು ತುಂಬ ಗ್ರೇವಿ ಬರುತ್ತದೆ ಎಂದು ಕಾಯುತ್ತಾರೆ. ಸೇವರಿ ಎನ್ನುವಂತಿಲ್ಲ, ಬೆಲ್ಲ ಇದೆ. ಮೆಲ್ಲೊ ಎನ್ನಲು ಅನಾನಸ್ಸೇ ಬಿಡುವುದಿಲ್ಲ. ಪೀಕಂಟ್ ಎನ್ನಬಹುದಿತ್ತು, ಆದರೆ ಮೇಲೆ ಕಂಡ ಗೊಂದಲ ಇದ್ದೇ ಇದೆ. ಉಳಿಯುವುದು ಟ್ಯಾಂಗಿ, ಅದೂ ಕಾರಣಸಮೇತ: ಹುಣಸೆ ಬೆಲ್ಲದಲ್ಲಿ ಕುದಿಸಿದ ಅನಾನಸ್, ಹುರಿದ ಎಳ್ಳು ಕೊಬ್ಬರಿಯ ಮಸಾಲೆ, ಟ್ಯಾಂಗಿ, ಸಿಹಿ, ಖಾರ ಕಡಿಮೆ, ಅನ್ನದ ಜೊತೆ. ಎಳ್ಳಿನ ಹೆಸರು ಬಂದದ್ದರಿಂದ ಎಳ್ಳು ಒಗ್ಗದವರಿಗೂ ಎಚ್ಚರಿಕೆ ಸಿಕ್ಕಿತು. ಗೊಜ್ಜು ಎಂಬ ಹೆಸರನ್ನಂತೂ ಹಾಗೇ ಬಿಡಬೇಕು, ಅದಕ್ಕೆ ಇಂಗ್ಲಿಷ್ ಬೇಕಿಲ್ಲ.

ಮುಂದೊಮ್ಮೆ ಹೋಟೆಲಿನ ಮೆನುವಿನಲ್ಲಿ ಟ್ಯಾಂಗಿ ಎಂದು ಕಂಡರೆ, ಹುಳಿ ಯಾವುದರದ್ದು ಎಂದು ಬಡಿಸುವವರನ್ನು ಕೇಳಿ. ‘ಹುಣಸೆ ಸರ್’, ‘ನಿಂಬೆ ಮೇಡಂ’ ಎಂದು ತಟ್ಟನೆ ಉತ್ತರ ಬಂದರೆ ಧೈರ್ಯವಾಗಿ ಹೇಳಿ ತರಿಸಿಕೊಳ್ಳಬಹುದು.