15 ಸೆಕೆಂಡಿಗೆ 31

"ದೊಡ್ಡಮ್ಮ, ನನ್ನ ಹಾರ್ಟಲ್ಲಿ ಏನಾದ್ರೂ ತೊಂದ್ರೆ ಇರಬಹುದಾ?"

ಸಾಗರದಿಂದ ತಂಗಿಯ ಮಗಳು ಫೋನು ಮಾಡಿದಾಗ ರಾತ್ರಿ ಒಂಬತ್ತು ದಾಟಿತ್ತು. ಒಂಬತ್ತನೇ ಕ್ಲಾಸಿನ ಹುಡುಗಿ. ಮುಂದಿನ ಗುರುವಾರ ಶಾಲೆಯಲ್ಲಿ ಮಲೆನಾಡಿನ ಕಪ್ಪೆಗಳ ಬಗ್ಗೆ ಹತ್ತು ನಿಮಿಷ ಮಾತಾಡಬೇಕಿತ್ತು. ಹೋದ ಸಲ ಹೀಗೇ ನಿಂತಾಗ ಎದೆ ಹೊಡೆದುಕೊಂಡ ರಭಸಕ್ಕೆ ಅರ್ಧದಲ್ಲೇ ಬಂದು ಕೂತಿದ್ದಳಂತೆ.

ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಶರೀರಕ್ರಿಯೆ ಪಾಠ ಮಾಡಿದವಳು. "ಹೆದರಬೇಡ" ಅಂದರೆ ಯಾರ ಹೆದರಿಕೆಯೂ ಹೋಗುವುದಿಲ್ಲ ಅಂತ ಗೊತ್ತಿತ್ತು. ಹಾಗಾಗಿ ಎಣಿಸಲು ಹೇಳಿದೆ. ತೋರುಬೆರಳು, ನಡುಬೆರಳು ಎರಡನ್ನೂ ಇನ್ನೊಂದು ಕೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಸಾಲಿನಲ್ಲಿ ಮೆಲ್ಲಗೆ ಒತ್ತಬೇಕು. ಹೆಬ್ಬೆರಳಿನಿಂದ ಒತ್ತಬಾರದು, ಅದರದೇ ಮಿಡಿತ ಲೆಕ್ಕ ತಪ್ಪಿಸುತ್ತದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಲೆಕ್ಕ ಸಿಗುತ್ತದೆ. ಸುಮ್ಮನೆ ಕೂತಿದ್ದಾಗ ಅವಳಿಗೆ 19 ಬಂತು, ಅಂದರೆ 76.

"ಹಾಗಾದ್ರೆ ಅವತ್ತು ಯಾಕೆ ಹಾಗಾಯ್ತು?"

ಹೃದಯದ ಬಲಮೇಲ್ಭಾಗದ ಗೋಡೆಯಲ್ಲಿ ತಾಳ ಹಾಕುವ ಪುಟ್ಟದೊಂದು ಅಂಗಾಂಶವಿದೆ. ಅದನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಮಿಡಿಸುತ್ತದೆ. ನಾವು ಆರಾಮವಾಗಿದ್ದಾಗ ಎಪ್ಪತ್ತು, ಎಪ್ಪತ್ತೈದಕ್ಕೆ ನಿಲ್ಲುವುದು ಮಿದುಳಿನ ಬುಡದಿಂದ ಇಳಿದುಬರುವ ವೇಗಸ್ ನರ ಸದಾ ಬ್ರೇಕು ಹಿಡಿದಿರುವುದರಿಂದ. ಟೀಚರು ಹೆಸರು ಕರೆದ ಕ್ಷಣ ಮೊದಲು ಆಗುವುದು ಆ ಬ್ರೇಕು ಸಡಿಲವಾಗುವುದು; ಒಂದೆರಡು ಮಿಡಿತಗಳೊಳಗೇ ವೇಗ ಏರುತ್ತದೆ. ಆಮೇಲೆ ಇನ್ನೊಂದು ಬಗೆಯ ನರಗಳು ಹೃದಯವನ್ನು ಚುರುಕುಗೊಳಿಸುತ್ತವೆ. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಬಿಡುತ್ತವೆ. ಚರ್ಮದ ರಕ್ತನಾಳಗಳು ಬಿಗಿಯುವುದರಿಂದ ಕೈ ತಣ್ಣಗಾಗುತ್ತದೆ, ಬಾಯಿ ಒಣಗುತ್ತದೆ. ಓಡಬೇಕಾದವಳಿಗೆ ಮೈ ಮಾಡುವ ತಯಾರಿ ಇದು. ಓಡುವ ಕೆಲಸವಿಲ್ಲದೆ ನಿಂತಿರುವುದರಿಂದಲೇ ಢವಢವ ಅಷ್ಟು ಜೋರಾಗಿ ಕೇಳಿಸುತ್ತದೆ.

ಈ ಬ್ರೇಕಿನ ಗುಟ್ಟು ಬಯಲಾದದ್ದೂ ಕಪ್ಪೆಯಿಂದಲೇ ಅಂದಾಗ ಹುಡುಗಿಯ ದನಿ ಬದಲಾಯಿತು. ಆಸ್ಟ್ರಿಯಾದ ಗ್ರಾಜ್‌ ನಗರದಲ್ಲಿ ಓಟೊ ಲೋವಿ ಎರಡು ಕಪ್ಪೆಗಳ ಹೃದಯಗಳನ್ನು ಉಪ್ಪುದ್ರವದಲ್ಲಿ ಮಿಡಿಯುತ್ತಿರುವಂತೆ ಇಟ್ಟಿದ್ದ. ಒಂದರ ವೇಗಸ್ ನರಕ್ಕೆ ವಿದ್ಯುತ್ ತಾಗಿಸಿದ, ಮಿಡಿತ ನಿಧಾನವಾಯಿತು. ಅದರ ಸುತ್ತಲಿದ್ದ ದ್ರವವನ್ನು ಎರಡನೆಯದಕ್ಕೆ ಹಾಕಿದಾಗ, ಯಾರೂ ಮುಟ್ಟದ ಆ ಹೃದಯವೂ ನಿಧಾನವಾಯಿತು. ನರ ಯಾವುದೋ ರಾಸಾಯನಿಕವನ್ನು ಸುರಿಸುತ್ತದೆ ಎಂದು 1921ರಲ್ಲಿ ಪ್ರಕಟವಾದ ಈ ಪ್ರಯೋಗ ತೋರಿಸಿತು. ಅದು ಅಸಿಟೈಲ್‌ಕೋಲಿನ್. 1936ರಲ್ಲಿ ಲೋವಿಗೆ ಹೆನ್ರಿ ಡೇಲ್ ಜೊತೆ ನೊಬೆಲ್ ಬಂತು.

"ಆ ಬ್ರೇಕನ್ನ ನಾನೇ ಹಿಡಿಯಕ್ಕಾಗಲ್ವಾ?" ಇದು ಅವಳು ಕೇಳಿದ ಒಳ್ಳೆಯ ಪ್ರಶ್ನೆ.

ಸ್ವಲ್ಪ ಮಟ್ಟಿಗೆ ಹಿಡಿಯಬಹುದು. ಉಸಿರು ಎಳೆದುಕೊಂಡಾಗ ವೇಗಸ್ ನರದ ಹಿಡಿತ ಸಡಿಲವಾಗಿ ಮಿಡಿತ ತುಸು ಏರುತ್ತದೆ, ಬಿಡುವಾಗ ಹಿಡಿತ ಬಿಗಿಯಾಗಿ ಇಳಿಯುತ್ತದೆ. ಎಳೆಯ ವಯಸ್ಸಿನವರಲ್ಲಿ ಇದು ಎಷ್ಟು ಸ್ಪಷ್ಟವೆಂದರೆ ಬೆರಳಿಗೇ ತಿಳಿಯುತ್ತದೆ. ಆದ್ದರಿಂದ ನಾಲ್ಕು ಎಣಿಸುವಷ್ಟು ಎಳೆದುಕೊಂಡು, ಆರು ಎಣಿಸುವಷ್ಟು ಹೊತ್ತು ಬಿಡಬೇಕು. ಎರಡು ನಿಮಿಷ ಸಾಕು. ಅವಳು ಮೊದಲು ತಪ್ಪು ಮಾಡಿದಳು. ದೊಡ್ಡ ದೊಡ್ಡ ಉಸಿರನ್ನು ಬೇಗ ಬೇಗ ಎಳೆದಳು, ತಲೆ ತಿರುಗಿ ಬೆರಳು ಜುಮ್ಮೆಂದವು. ಹಾಗೆ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಉಸಿರಿನ ಗಾತ್ರ ಮಾಮೂಲಿಯಾಗಿಯೇ ಇರಲಿ, ಬಿಡುವುದು ಮಾತ್ರ ನಿಧಾನವಾಗಲಿ ಅಂದೆ. ಇದರಿಂದ ಎದೆಬಡಿತ ಪೂರ್ತಿ ಇಳಿಯುತ್ತದೆಂದು ಕಾಯಬಾರದು ಎಂದೂ ಹೇಳಿದೆ, ಯಾಕೆಂದರೆ ಅಡ್ರಿನಲಿನ್ ತಾನಾಗಿ ಕರಗಲು ಕೆಲವು ನಿಮಿಷ ಬೇಕು.

ಅವಳ ಮೊದಲ ಪ್ರಶ್ನೆಯನ್ನು ನಾನು ತಳ್ಳಿಹಾಕಲಿಲ್ಲ. ಏನೂ ಮಾಡದೆ ಕೂತಿದ್ದಾಗ ಸ್ವಿಚ್ಚು ಹಾಕಿದಂತೆ ಮಿಡಿತ ಒಮ್ಮೆಲೇ ಎಣಿಸಲಾಗದಷ್ಟು ಏರಿ, ಹಾಗೆಯೇ ಒಮ್ಮೆಲೇ ನಿಂತರೆ, ಆಡುವಾಗ ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಡಾಕ್ಟರಿಗೆ ತೋರಿಸಲೇಬೇಕು. ಇವಳಿಗೆ ಅಂಥದ್ದೇನೂ ಆಗಿರಲಿಲ್ಲ. ಹೆಸರು ಕರೆದಾಗ ಏರಿ, ಕೂತ ಮೇಲೆ ಮೆಲ್ಲಗೆ ಇಳಿದಿತ್ತು.

ಗುರುವಾರ ಸಂಜೆ ನೋಟ್‌ಬುಕ್ಕಿನ ಕೊನೆಯ ಹಾಳೆಯ ಫೋಟೊ ಕಳಿಸಿದಳು. ಕರೆಯುವ ಐದು ನಿಮಿಷ ಮುಂಚೆ 31, ಅಂದರೆ 124. ಉಸಿರಾಟದ ನಂತರ 27. ಎದ್ದು ನಿಂತಾಗ ಮತ್ತೆ 30. ನಿಂತರೇ ಒಂದಿಷ್ಟು ಏರುತ್ತದೆಂದು ಅವಳಿಗೆ ಗೊತ್ತಿತ್ತು. ಮಾತು ಮುಗಿಸಿ ಕೂತಾಗ 25, ಹತ್ತು ನಿಮಿಷದ ಮೇಲೆ 21. ನಡುವೆ ಒಂದು ಸಾಲು ಖಾಲಿ ಇತ್ತು. ಅದರ ಪಕ್ಕ ಬರೆದಿದ್ದಳು: "ಕಪ್ಪೆ ಬಗ್ಗೆ ಹೇಳ್ತಾ ಇದ್ದೆ, ಎಣಿಸೋಕೆ ಮರೆತೆ."