ಮಾತೃಕೆಯ ರೂಪದಲ್ಲಿ ಸಂಮಿಶ್ರ ಸಂಖ್ಯೆ

ವರ್ಗ ಮಾಡಿದರೆ −1 ಬರುವ ವಾಸ್ತವ ಸಂಖ್ಯೆ ಯಾವುದೂ ಇಲ್ಲ. ಧನ ಸಂಖ್ಯೆಯ ವರ್ಗವೂ ಧನ, ಋಣ ಸಂಖ್ಯೆಯ ವರ್ಗವೂ ಧನ, ಸೊನ್ನೆಯ ವರ್ಗ ಸೊನ್ನೆಯೇ. ಈ ಕೊರತೆ ನೀಗಲೆಂದು i² = −1 ಆಗುವಂಥ i ಎಂಬ ಹೊಸ ಸಂಖ್ಯೆಯನ್ನು ಸೇರಿಸಿಕೊಂಡರೆ a + bi ರೂಪದ ಸಂಮಿಶ್ರ ಸಂಖ್ಯೆಗಳು, ಅಂದರೆ ಕಾಂಪ್ಲೆಕ್ಸ್ ನಂಬರುಗಳು, ಹುಟ್ಟುತ್ತವೆ. ಇಲ್ಲಿ a ವಾಸ್ತವ ಭಾಗ, b ಕಾಲ್ಪನಿಕ ಭಾಗ. ಇವುಗಳೊಡನೆ ಲೆಕ್ಕ ಮಾಡುವ ನಿಯಮಗಳನ್ನು ಇಟಲಿಯ ರಫೇಲ್ ಬೊಂಬೆಲ್ಲಿ 1572ರಲ್ಲಿ ಪ್ರಕಟವಾದ ತನ್ನ ಬೀಜಗಣಿತ ಗ್ರಂಥದಲ್ಲಿ ಬರೆದಿಟ್ಟಿದ್ದ. ಆದರೆ i ಎಂದರೆ ನಿಜವಾಗಿ ಏನು ಎಂಬ ಪ್ರಶ್ನೆ ಅನಂತರವೂ ಬಹುಕಾಲ ಉಳಿಯಿತು. ಅದಕ್ಕೆ ಸಿಗುವ ಉತ್ತರಗಳಲ್ಲಿ ಒಂದು ಮಾತೃಕೆಯ ಮೂಲಕ ಬರುತ್ತದೆ. ಆರ್ಥರ್ ಕೇಲಿ 1858ರ ಪ್ರಬಂಧದಲ್ಲಿ ವಿವರಿಸಿದ ಮಾತೃಕೆಗಳ ಗುಣಾಕಾರವನ್ನು ಬಳಸಿದರೆ, ವಾಸ್ತವ ಸಂಖ್ಯೆಗಳನ್ನಷ್ಟೇ ಇಟ್ಟುಕೊಂಡು ಸಂಮಿಶ್ರ ಸಂಖ್ಯೆಗಳ ಇಡೀ ಲೆಕ್ಕವನ್ನು ನಡೆಸಬಹುದು.

ಇದಕ್ಕೆ ಬೇಕಾದುದು ಎರಡು ಅಡ್ಡಸಾಲು, ಎರಡು ಕಂಬಸಾಲುಗಳ ಮಾತೃಕೆ. a + bi ಎಂಬ ಸಂಖ್ಯೆಯನ್ನು ಅದರ ನಾಲ್ಕು ಮನೆಗಳಲ್ಲಿ ಹೀಗೆ ಬರೆಯಲಾಗುತ್ತದೆ:

```
a  −b
b   a
```

ಈ ಜೋಡಣೆ ಸುಮ್ಮನೆ ಆರಿಸಿಕೊಂಡದ್ದಲ್ಲ. ಸಂಮಿಶ್ರ ಸಂಖ್ಯೆಯೊಂದನ್ನು ಸಮತಲದ ಮೇಲಿನ ಬಿಂದುವಾಗಿ ಗುರುತಿಸಬಹುದು. ಆಗ 1 ಎಂಬುದು (1, 0) ಬಿಂದು, i ಎಂಬುದು (0, 1) ಬಿಂದು. ಇವೆರಡನ್ನೂ a + bi ಇಂದ ಗುಣಿಸಿದರೆ ಏನಾಗುತ್ತದೆ? 1 ಹೋಗಿ a + bi ಆಗುತ್ತದೆ, ಅಂದರೆ (a, b). i ಎಂಬುದು ai + bi², ಅಂದರೆ −b + ai ಆಗುತ್ತದೆ. ಅದು (−b, a). ಮೊದಲನೆಯದನ್ನು ಮೊದಲ ಕಂಬಸಾಲಿನಲ್ಲೂ ಎರಡನೆಯದನ್ನು ಎರಡನೇ ಕಂಬಸಾಲಿನಲ್ಲೂ ಮೇಲಿನಿಂದ ಕೆಳಕ್ಕೆ ಬರೆದರೆ ಮೇಲಿನ ಮಾತೃಕೆಯೇ ಬರುತ್ತದೆ. ಹೀಗಾಗಿ ಈ ಮಾತೃಕೆ "a + bi ಇಂದ ಗುಣಿಸುವುದು" ಎಂಬ ಕ್ರಿಯೆಯ ಪೂರ್ಣ ವಿವರ. ಎರಡು ಕ್ರಿಯೆಗಳನ್ನು ಒಂದರ ಮೇಲೊಂದು ಮಾಡುವುದಕ್ಕೆ ಮಾತೃಕೆಗಳ ಗುಣಾಕಾರ ಸಮನಾದ್ದರಿಂದ, ಎರಡೂ ಕಡೆಯ ಉತ್ತರ ಹೊಂದಲೇಬೇಕು.

i ಎಂಬುದಕ್ಕೆ a = 0, b = 1. ಅದರ ಮಾತೃಕೆಯ ಮೇಲಿನ ಸಾಲು 0, −1. ಕೆಳಗಿನ ಸಾಲು 1, 0. ಇದು ಸಮತಲವನ್ನು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ 90 ಡಿಗ್ರಿ ತಿರುಗಿಸುತ್ತದೆ. ಎರಡು ಸಲ ತಿರುಗಿಸಿದರೆ 180 ಡಿಗ್ರಿಯಾಗಿ ಪ್ರತಿ ಬಿಂದುವೂ ಮೂಲಬಿಂದುವಿನ ಆಚೆ ಬದಿಗೆ ಹೋಗುತ್ತದೆ, ಅಂದರೆ −1 ಇಂದ ಗುಣಿಸಿದಂತಾಗುತ್ತದೆ. i² = −1 ಎಂಬ ಮಾತಿನ ಅರ್ಥ ಇಲ್ಲಿ ಇಷ್ಟೇ.

ಒಂದು ಲೆಕ್ಕವನ್ನು ಎರಡೂ ದಾರಿಯಲ್ಲಿ ಮಾಡಿ ನೋಡಬಹುದು. 2 + 3i ಮತ್ತು 4 + i ಇವುಗಳ ಗುಣಲಬ್ಧ ಬೇಕು ಎಂದಿಟ್ಟುಕೊಳ್ಳೋಣ. ನೇರವಾಗಿ ಬಿಡಿಸಿದರೆ 8 + 2i + 12i + 3i² ಬರುತ್ತದೆ. 3i² ಎಂದರೆ −3. ಆದ್ದರಿಂದ ಉತ್ತರ 5 + 14i. ಇನ್ನು ಮಾತೃಕೆಗಳ ದಾರಿ:

```
2  −3     4  −1     5  −14
       ×         =
3   2     1   4     14   5
```

ಮಾತೃಕೆಗಳನ್ನು ಗುಣಿಸುವಾಗ ಮೊದಲನೆಯದರ ಅಡ್ಡಸಾಲನ್ನು ಎರಡನೆಯದರ ಕಂಬಸಾಲಿನೊಂದಿಗೆ ಜೋಡಿಜೋಡಿಯಾಗಿ ಗುಣಿಸಿ ಕೂಡಬೇಕು. ಮೇಲಿನ ಎಡ ಮನೆಗೆ 2×4 + (−3)×1 = 5. ಮೇಲಿನ ಬಲ ಮನೆಗೆ 2×(−1) + (−3)×4 = −14. ಕೆಳಗಿನ ಎಡ ಮನೆಗೆ 3×4 + 2×1 = 14. ಕೆಳಗಿನ ಬಲ ಮನೆಗೆ 3×(−1) + 2×4 = 5. ಮೊದಲ ಕಂಬಸಾಲನ್ನು ಓದಿದರೆ 5 ಮತ್ತು 14, ಅಂದರೆ 5 + 14i. i² = −1 ಎಂಬ ನಿಯಮವನ್ನು ಈ ದಾರಿಯಲ್ಲಿ ಎಲ್ಲಿಯೂ ಬಳಸಿಲ್ಲ; ಬಲಮೇಲಿನ ಮನೆಯಲ್ಲಿರುವ ಋಣ ಚಿಹ್ನೆಯೇ ಆ ಕೆಲಸ ಮಾಡಿದೆ.

ಇದು ಈ ಅಂಕಿಗಳಿಗೆ ಮಾತ್ರ ಹೊಂದುವುದಲ್ಲ. a + bi ಮತ್ತು c + di ಇವುಗಳ ಮಾತೃಕೆಗಳನ್ನು ಅಕ್ಷರಗಳಲ್ಲೇ ಗುಣಿಸಿದರೆ ಮೇಲಿನ ಸಾಲಿನಲ್ಲಿ ac − bd ಮತ್ತು −(ad + bc), ಕೆಳಗಿನ ಸಾಲಿನಲ್ಲಿ ad + bc ಮತ್ತು ac − bd ಬರುತ್ತವೆ. ಫಲಿತಾಂಶದ ಆಕಾರವೂ ಮೊದಲಿನದೇ: ಎಡಮೇಲಿನ ಮತ್ತು ಬಲಕೆಳಗಿನ ಮನೆಗಳು ಸಮ, ಉಳಿದೆರಡರ ಚಿಹ್ನೆ ಮಾತ್ರ ಬೇರೆ. ಮೊದಲ ಕಂಬಸಾಲು (ac − bd) + (ad + bc)i ಎಂಬ ಸಂಮಿಶ್ರ ಗುಣಲಬ್ಧವನ್ನೇ ಹೇಳುತ್ತದೆ. ಸಾಮಾನ್ಯವಾಗಿ ಮಾತೃಕೆಗಳನ್ನು ಹಿಂದುಮುಂದಾಗಿ ಗುಣಿಸಿದರೆ ಉತ್ತರ ಬದಲಾಗುತ್ತದೆ. ಈ ಆಕಾರದವುಗಳಲ್ಲಿ ಹಾಗಾಗುವುದಿಲ್ಲ, ಏಕೆಂದರೆ ac − bd ಮತ್ತು ad + bc ಎರಡೂ ಜೋಡಿಗಳನ್ನು ಅದಲುಬದಲು ಮಾಡಿದರೂ ಹಾಗೆಯೇ ಉಳಿಯುತ್ತವೆ.

ಮಾತೃಕೆಯ ನಿರ್ಧಾರಕವೂ ಇಲ್ಲಿ ಅರ್ಥವುಳ್ಳದ್ದು. ಎಡಮೇಲೆ–ಬಲಕೆಳಗಿನ ಮನೆಗಳ ಗುಣಲಬ್ಧದಿಂದ ಉಳಿದೆರಡರ ಗುಣಲಬ್ಧವನ್ನು ಕಳೆದರೆ a² + b² ಬರುತ್ತದೆ. ಇದು ಮೂಲಬಿಂದುವಿನಿಂದ a + bi ಇರುವ ದೂರದ ವರ್ಗ. ಎರಡು ಮಾತೃಕೆಗಳ ಗುಣಲಬ್ಧದ ನಿರ್ಧಾರಕ ಅವುಗಳ ನಿರ್ಧಾರಕಗಳ ಗುಣಲಬ್ಧಕ್ಕೆ ಸಮ. ಮೇಲಿನ ಲೆಕ್ಕದಲ್ಲಿ 2² + 3² = 13, 4² + 1² = 17, 13×17 = 221; ಅತ್ತ 5² + 14² = 25 + 196, ಅದೂ 221. ಎರಡು ವರ್ಗಗಳ ಮೊತ್ತವಾಗಿರುವ ಸಂಖ್ಯೆಗಳ ಗುಣಲಬ್ಧವೂ ಹಾಗೆಯೇ ಇರುತ್ತದೆ ಎಂಬ ಈ ಸಂಗತಿ ಬ್ರಹ್ಮಗುಪ್ತನ ಹೆಸರಿನ ಸಮೀಕರಣದ ಒಂದು ವಿಶೇಷ ರೂಪ. ಅವನ ಬ್ರಾಹ್ಮಸ್ಫುಟಸಿದ್ಧಾಂತ ಕ್ರಿ.ಶ. 628ರದು.

ಈ ಕ್ರಮದಲ್ಲಿ ತಪ್ಪು ನುಸುಳುವುದು ಹೆಚ್ಚಾಗಿ ಚಿಹ್ನೆಯಲ್ಲಿ. ಋಣ ಚಿಹ್ನೆಯನ್ನು ಮರೆತು ಎರಡೂ ಮನೆಗಳಲ್ಲಿ b ಬರೆದರೆ i ಎಂಬುದರ ವರ್ಗ +1 ಆಗಿಬಿಡುತ್ತದೆ. ಆಗ ಮೇಲಿನ ಲೆಕ್ಕದ ಉತ್ತರ 5 + 14i ಬದಲು 11, 14 ಎಂದು ಬರುತ್ತದೆ. ಇದನ್ನು ಹಿಡಿಯುವುದು ಸುಲಭ: ಉತ್ತರದ ನಿರ್ಧಾರಕ 221 ಆಗುವ ಬದಲು −75 ಆಗಿರುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಕೆಲವು ಪುಸ್ತಕಗಳು ಋಣ ಚಿಹ್ನೆಯನ್ನು ಬಲಮೇಲೆ ಇಡದೆ ಎಡಕೆಳಗೆ ಇಡುತ್ತವೆ. ಮೊದಲಿನಿಂದ ಕೊನೆಯವರೆಗೆ ಅದನ್ನೇ ಪಾಲಿಸಿ, b ಯನ್ನು ಬಲಮೇಲಿನ ಮನೆಯಿಂದ ಓದಿಕೊಂಡರೆ ಅದೂ ಸರಿಯೇ. ಆದರೆ ಒಂದು ಸಂಖ್ಯೆಯನ್ನು ಒಂದು ರೀತಿಯಲ್ಲೂ ಮತ್ತೊಂದನ್ನು ಇನ್ನೊಂದು ರೀತಿಯಲ್ಲೂ ಬರೆದರೆ 2 + 3i ಅನ್ನು 4 + i ಬದಲು 4 − i ಇಂದ ಗುಣಿಸಿದಂತಾಗಿ, 11 + 10i ಬರುತ್ತದೆ. ಇಲ್ಲಿ ಮಾತೃಕೆಯ ಆಕಾರ ಸರಿಯಾಗಿಯೇ ಇರುತ್ತದೆ. ನಿರ್ಧಾರಕವೂ 121 + 100 = 221, ಅಂದರೆ ಆ ಪರೀಕ್ಷೆಯಲ್ಲೂ ಲೆಕ್ಕ ಪಾಸಾಗುತ್ತದೆ. ಮನೆಗಳನ್ನು ತುಂಬಿದ ಕೂಡಲೇ ಪ್ರತಿ ಮಾತೃಕೆಯ ಋಣ ಚಿಹ್ನೆ ಒಂದೇ ಜಾಗದ್ದೇ ಎಂದು ನೋಡಿಕೊಳ್ಳುವುದು, ಇಲ್ಲವೇ ನೇರ ಗುಣಾಕಾರದೊಡನೆ ತಾಳೆ ಹಾಕುವುದು, ಇದನ್ನು ಹಿಡಿಯುವ ದಾರಿ.

ಎರಡು ಸಾಲಿನ ಪ್ರತಿ ಮಾತೃಕೆಯೂ ಸಂಮಿಶ್ರ ಸಂಖ್ಯೆಯಲ್ಲ ಎಂಬುದೂ ಗಮನಾರ್ಹ. ಮೇಲೆ 2, 1 ಮತ್ತು ಕೆಳಗೆ 0, 3 ಇರುವ ಮಾತೃಕೆಗೆ ಈ ನಿರೂಪಣೆಯಲ್ಲಿ ಜಾಗವಿಲ್ಲ; ಅದು ಸಮತಲದ ಆಕಾರಗಳನ್ನು ಓರೆಯಾಗಿ ಎಳೆಯುತ್ತದೆ. ಸಂಮಿಶ್ರ ಸಂಖ್ಯೆಯ ಮಾತೃಕೆ ತಿರುಗಿಸುತ್ತದೆ, ಎಲ್ಲ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ, ಅಷ್ಟೇ. ಸೊನ್ನೆಯನ್ನು ಬಿಟ್ಟರೆ ಉಳಿದೆಲ್ಲವುಗಳ ನಿರ್ಧಾರಕ a² + b² ಧನವೇ ಆಗಿರುವುದರಿಂದ ಅವುಗಳಿಗೆ ವಿಲೋಮ ಮಾತೃಕೆಯೂ ಇದೆ. ಗುಣಾಕಾರದಂತೆಯೇ ಭಾಗಾಕಾರವನ್ನೂ ಈ ನಾಲ್ಕು ಮನೆಗಳಲ್ಲೇ ಮಾಡಿ ಮುಗಿಸಬಹುದು.